ಸ್ಕ್ರೀನಿಂಗ್ ಪ್ರಶ್ನೆಗೆ ಹತ್ತಂಕದ ಉತ್ತರ: ಗೆರೆ ಮೊದಲು, ಪಟ್ಟಿ ಆಮೇಲೆ

‘ಒಂದು ರೋಗ ಸ್ಕ್ರೀನಿಂಗ್‌ಗೆ ಯೋಗ್ಯ ಎನಿಸಿಕೊಳ್ಳಲು ಇರಬೇಕಾದ ಮಾನದಂಡಗಳನ್ನು ಸೂಕ್ತ ಉದಾಹರಣೆಯೊಂದಿಗೆ ವಿವರಿಸಿ.’ ಎಂಬಿಬಿಎಸ್‌ನ ಕಮ್ಯುನಿಟಿ ಮೆಡಿಸಿನ್ ಪತ್ರಿಕೆಯಲ್ಲೂ ನರ್ಸಿಂಗ್ ಪತ್ರಿಕೆಯಲ್ಲೂ ಹತ್ತಂಕಕ್ಕೆ ಕೇಳಬಹುದಾದ ಪ್ರಶ್ನೆ ಇದು. ಓದಿದವರಿಗೆಲ್ಲ ಉತ್ತರ ಗೊತ್ತು. ಆದರೂ ಬಹಳಷ್ಟು ಜನ ಐದಾರು ಅಂಕಕ್ಕೇ ನಿಂತುಬಿಡುತ್ತಾರೆ, ಏಕೆಂದರೆ ಬಾಯಿಪಾಠ ಮಾಡಿದ ಪಟ್ಟಿಯನ್ನು ಇಳಿಸಿ ಪೆನ್ನು ಕೆಳಗಿಡುತ್ತಾರೆ. ಒಂದು ಮಾನದಂಡಕ್ಕೂ ಇನ್ನೊಂದಕ್ಕೂ ಏನು ಸಂಬಂಧ ಎಂಬುದು ಆ ಪಟ್ಟಿಯಲ್ಲಿ ಕಾಣುವುದಿಲ್ಲ.

ಮೊದಲು ಸಮಯದ ಲೆಕ್ಕ. ಮೂರು ಗಂಟೆಯ, 100 ಅಂಕದ ಪತ್ರಿಕೆಯಾದರೆ ಹತ್ತಂಕಕ್ಕೆ ಸಿಗುವುದು 18 ನಿಮಿಷ. ಯೋಚನೆಗೆ ಎರಡು, ವ್ಯಾಖ್ಯೆಗೆ ಒಂದು, ಚಿತ್ರಕ್ಕೆ ಮೂರು, ಮಾನದಂಡಗಳಿಗೆ ಎಂಟು, ಎಡವಟ್ಟಾಗುವ ಜಾಗಗಳಿಗೆ ಮೂರು, ಕಣ್ಣಾಡಿಸಲು ಒಂದು ನಿಮಿಷ ಎಂದು ಹಂಚಿಕೊಳ್ಳಿ. ಎರಡೂವರೆ ಪುಟ ಸಾಕು.

ಪ್ರಶ್ನೆಯಲ್ಲಿರುವ ಒಂದು ಪದ

ಪ್ರಶ್ನೆ ಕೇಳಿರುವುದು ರೋಗದ ಬಗ್ಗೆ, ಪರೀಕ್ಷೆಯ ಬಗ್ಗೆ ಅಲ್ಲ. ಸೆನ್ಸಿಟಿವಿಟಿ, ಸ್ಪೆಸಿಫಿಸಿಟಿ, ಎರಡು ಸಾಲು ಎರಡು ಕಂಬಗಳ ಟೇಬಲ್ ಇವೆಲ್ಲ ‘ಒಳ್ಳೆಯ ಸ್ಕ್ರೀನಿಂಗ್ ಪರೀಕ್ಷೆಯ ಲಕ್ಷಣಗಳು’ ಎಂಬ ಬೇರೆಯೇ ಪ್ರಶ್ನೆಯ ಉತ್ತರ. ಇಲ್ಲಿ ಅರ್ಧ ಪುಟ ಅದಕ್ಕೆ ಕೊಟ್ಟರೆ ಆ ಅರ್ಧ ಪುಟಕ್ಕೆ ಅಂಕವಿಲ್ಲ. ‘ರೋಗವನ್ನು ಲಕ್ಷಣ ಕಾಣುವ ಮೊದಲೇ ಹಿಡಿಯಬಲ್ಲ, ಸುರಕ್ಷಿತವಾದ, ಜನ ಒಪ್ಪುವ ಪರೀಕ್ಷೆ ಲಭ್ಯವಿರಬೇಕು’ ಎಂಬ ಒಂದೇ ವಾಕ್ಯ ಬರೆದು ಮುಂದೆ ಹೋಗಿ.

ವ್ಯಾಖ್ಯೆಯೂ ಮೂರು ಸಾಲು ಮೀರಬಾರದು. ಮೇಲ್ನೋಟಕ್ಕೆ ಆರೋಗ್ಯವಾಗಿರುವ ಜನರಲ್ಲಿ, ಬೇಗ ಮಾಡಿ ಮುಗಿಸಬಹುದಾದ ಪರೀಕ್ಷೆಗಳಿಂದ, ಇನ್ನೂ ಗುರುತಿಸದ ರೋಗವನ್ನು ಹುಡುಕುವುದೇ ಸ್ಕ್ರೀನಿಂಗ್. ಅದು ರೋಗನಿರ್ಣಯವಲ್ಲ, ಪಾಸಿಟಿವ್ ಬಂದವರನ್ನು ಖಚಿತಪಡಿಸುವ ಪರೀಕ್ಷೆಗೆ ಕಳಿಸಲೇಬೇಕು. ಇದರ ಬೆನ್ನಿಗೇ, ಮಾನದಂಡಗಳನ್ನು 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ವಿಲ್ಸನ್ ಮತ್ತು ಯುಂಗ್ನರ್ ಹತ್ತು ತತ್ವಗಳಾಗಿ ಕೊಟ್ಟರು ಎಂದು ಒಂದು ಸಾಲು ಸೇರಿಸಿ. ಹತ್ತನ್ನೂ ಅದೇ ಕ್ರಮದಲ್ಲಿ ಬರೆಯಬೇಕೆಂದೇನಿಲ್ಲ.

ಗೆರೆ ಎಳೆಯುವುದು

ಪುಟದ ಅಡ್ಡಕ್ಕೂ ಒಂದು ಗೆರೆ ಎಳೆದು ಎಡದಿಂದ ಬಲಕ್ಕೆ ನಾಲ್ಕು ಗುರುತು ಹಾಕಿ: ರೋಗ ದೇಹದೊಳಗೆ ಶುರುವಾದದ್ದು, ಪರೀಕ್ಷೆಗೆ ಮೊದಲ ಬಾರಿ ಸಿಗುವುದು, ಲಕ್ಷಣ ಕಂಡು ಡಾಕ್ಟರ ಬಳಿ ಹೋಗುವುದು, ಕೊನೆಯ ಫಲಿತಾಂಶ. ಎರಡನೆಯದಕ್ಕೂ ಮೂರನೆಯದಕ್ಕೂ ನಡುವಿನ ಜಾಗಕ್ಕೆ ಗೀಟು ತುಂಬಿ. ಸ್ಕ್ರೀನಿಂಗ್‌ಗೆ ಅವಕಾಶವಿರುವುದು ಅಷ್ಟರಲ್ಲೇ. ಸ್ಕ್ರೀನಿಂಗ್‌ನಲ್ಲಿ ಸಿಕ್ಕಿಬಿದ್ದ ದಿನದಿಂದ, ಲಕ್ಷಣದಿಂದ ಗೊತ್ತಾಗುತ್ತಿದ್ದ ದಿನದವರೆಗಿನ ಅಂತರವೇ ಲೀಡ್ ಟೈಮ್.

ಇದೇ ಗೆರೆಯ ಮೇಲೆ ಹೆಚ್ಚಿನವರು ಹಾಕದ ಐದನೆಯ ಗುರುತೊಂದಿದೆ: ಕ್ರಿಟಿಕಲ್ ಪಾಯಿಂಟ್. ಅದು ದಾಟುವ ಮೊದಲು ಚಿಕಿತ್ಸೆ ಕೊಟ್ಟರೆ ಫಲ ಹೆಚ್ಚು, ದಾಟಿದ ಮೇಲೆ ಕೊಟ್ಟರೆ ಕಡಿಮೆ. ಈ ಗುರುತು ಎಲ್ಲಿ ಬೀಳುತ್ತದೆ ಎಂಬುದರ ಮೇಲೆ ಇಡೀ ಉತ್ತರ ನಿಂತಿದೆ. ಪರೀಕ್ಷೆಗೆ ಸಿಗುವ ಮೊದಲೇ ಅದು ದಾಟಿಹೋಗಿದ್ದರೆ ಸ್ಕ್ರೀನಿಂಗ್ ಮಾಡಿ ಪ್ರಯೋಜನವಿಲ್ಲ, ಕೆಟ್ಟ ಸುದ್ದಿ ಬೇಗ ತಿಳಿಯುತ್ತದೆ ಅಷ್ಟೆ. ಲಕ್ಷಣ ಕಂಡ ಮೇಲೆ ಬರುವಂತಿದ್ದರೆ ಸ್ಕ್ರೀನಿಂಗ್ ಬೇಕಾಗಿಲ್ಲ, ರೋಗಿ ತಾನಾಗಿ ಬಂದಾಗ ಚಿಕಿತ್ಸೆ ಕೊಟ್ಟರೂ ಅದೇ ಫಲ. ಗೀಟು ತುಂಬಿದ ಜಾಗದೊಳಗೆ ಬಿದ್ದರೆ ಮಾತ್ರ ಆ ರೋಗ ಯೋಗ್ಯ. ಚಿತ್ರದ ಕೆಳಗೆ ಈ ಮೂರು ಸಾಲು ಬರೆದವರು ವಿಷಯ ಅರ್ಥಮಾಡಿಕೊಂಡಿದ್ದಾರೆ ಎಂದು ಮೌಲ್ಯಮಾಪಕರಿಗೆ ಅಲ್ಲೇ ಗೊತ್ತಾಗುತ್ತದೆ.

ಗೆರೆಯಿಂದ ಮಾನದಂಡಗಳಿಗೆ

ಉದಾಹರಣೆಗೆ ಒಂದೇ ರೋಗ ಹಿಡಿದು ಕೊನೆತನಕ ಅದನ್ನೇ ನಡೆಸಿ. ಗರ್ಭಕಂಠದ ಕ್ಯಾನ್ಸರ್ ಇದಕ್ಕೆ ಹೇಳಿಮಾಡಿಸಿದ್ದು. ಮೊದಲ ಮಾನದಂಡಕ್ಕೆ ಒಂದು ಬಿಪಿ, ಎರಡನೆಯದಕ್ಕೆ ಒಂದು ಡಯಾಬಿಟಿಸ್ ಎಂದು ಹಾರಿದರೆ ಉತ್ತರ ಚದುರಿದಂತೆ ಕಾಣುತ್ತದೆ.

ರೋಗದ ಹೊರೆಯಿಂದ ಶುರುಮಾಡಿ. ‘ರೋಗ ಮುಖ್ಯ ಆರೋಗ್ಯ ಸಮಸ್ಯೆಯಾಗಿರಬೇಕು’ ಎಂದಷ್ಟೇ ಬರೆದರೆ ಅರ್ಧ ಮಾತು. ಮುಖ್ಯ ಎಂದರೆ ಹೆಚ್ಚು ಜನರಲ್ಲಿರುವುದು ಎಂದೇ ಅಲ್ಲ, ತೀವ್ರವಾದದ್ದು ಎಂದೂ ಹೌದು. ಭಾರತದಲ್ಲಿ ವರ್ಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಮಹಿಳೆಯರಿಗೆ ಗರ್ಭಕಂಠದ ಕ್ಯಾನ್ಸರ್ ಬರುತ್ತದೆ, ಇದು ಮೊದಲ ಬಗೆ. ಹುಟ್ಟಿನಿಂದಲೇ ಥೈರಾಯ್ಡ್ ಕೊರತೆಯಿರುವ ಮಕ್ಕಳು ಸಾವಿರಾರು ಕೂಸುಗಳಲ್ಲಿ ಒಂದೆರಡು ಮಾತ್ರ, ಆದರೆ ಕೆಲವು ವಾರ ತಡವಾದರೆ ಬುದ್ಧಿ ಬೆಳವಣಿಗೆಗೆ ಆಗುವ ಪೆಟ್ಟು ಸರಿಹೋಗುವುದಿಲ್ಲ, ಮಾತ್ರೆಯೋ ಅಗ್ಗದ್ದು. ಇದು ಎರಡನೆಯ ಬಗೆ. ಕೊನೆಯಲ್ಲಿ ಬರುವ ಅಯೋಗ್ಯ ರೋಗದ ಉದಾಹರಣೆ ಬಿಟ್ಟರೆ, ಮೇಲೆ ಹೇಳಿದ ನಿಯಮಕ್ಕೆ ಇದೊಂದೇ ವಿನಾಯಿತಿ: ಈ ಒಂದು ವಾಕ್ಯಕ್ಕಾಗಿ ಬೇರೆ ರೋಗವನ್ನು ಮುಟ್ಟಬಹುದು.

ಆಮೇಲೆ ಗುರುತಿಸಬಹುದಾದ ಸುಪ್ತ ಹಂತ ಮತ್ತು ರೋಗದ ಸಹಜ ಗತಿ. ಇವೆರಡನ್ನೂ ಬೇರೆ ಬೇರೆ ಪಾಯಿಂಟ್ ಮಾಡಿದರೂ ಅಕ್ಕಪಕ್ಕದಲ್ಲೇ ಇಡಿ, ಚಿತ್ರದತ್ತ ಬಾಣ ಹಾಕಿ. ಎಚ್‌ಪಿವಿ ಸೋಂಕು ಬಹಳ ಮಹಿಳೆಯರಲ್ಲಿ ತಾನಾಗಿ ಹೋಗುತ್ತದೆ. ಉಳಿದುಕೊಂಡವರಲ್ಲಿ ಕೆಲವರಿಗೆ ಕ್ಯಾನ್ಸರ್‌ಪೂರ್ವ ಬದಲಾವಣೆ ಬಂದು, ಅದು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಹಿಡಿಯುತ್ತದೆ. ನಮ್ಮ ರಾಷ್ಟ್ರೀಯ ಕಾರ್ಯಕ್ರಮದಲ್ಲಿ 30ರಿಂದ 65 ವರ್ಷದ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ ತಪಾಸಣೆ ಸಾಕಾಗುವುದು ಈ ಸುಪ್ತ ಹಂತ ಅಷ್ಟು ಉದ್ದ ಇರುವುದರಿಂದಲೇ. ಸುಪ್ತ ಹಂತ ಮೂರು ತಿಂಗಳಿನದಾಗಿದ್ದರೆ ಐದು ವರ್ಷದ ಅಂತರದಲ್ಲಿ ಬಹುಪಾಲು ರೋಗಿಗಳು ಕೈತಪ್ಪಿಹೋಗುತ್ತಿದ್ದರು.

ಮುಂದಿನದು ಪಾಸಿಟಿವ್ ಬಂದವರ ಗತಿ. ಹೆಚ್ಚಿನ ಉತ್ತರಗಳು ಸೊರಗುವುದು ಇಲ್ಲಿ. ಖಚಿತಪಡಿಸುವ ಸೌಲಭ್ಯ ಇರಬೇಕು ಎಂದರೇನು? ಒಂದು ತಾಲ್ಲೂಕಿನಲ್ಲಿ 2,000 ಮಹಿಳೆಯರಿಗೆ ಅಸಿಟಿಕ್ ಆ್ಯಸಿಡ್ ಹಚ್ಚಿ ನೋಡುವ ವಿಐಎ ಪರೀಕ್ಷೆ ಮಾಡಿದಿರಿ, ನೂರಕ್ಕೆ ಐದರಂತೆ 100 ಜನ ಪಾಸಿಟಿವ್ ಬಂದರು ಎಂದುಕೊಳ್ಳಿ. ಜಿಲ್ಲಾಸ್ಪತ್ರೆಯಲ್ಲಿ ಕಾಲ್ಪೊಸ್ಕೊಪಿ ವಾರಕ್ಕೆ ಹತ್ತು ಜನರಿಗೆ ಮಾತ್ರ ಆಗುವುದಾದರೆ ಕೊನೆಯ ಮಹಿಳೆಯ ಸರದಿ ಬರುವುದು ಹತ್ತನೇ ವಾರಕ್ಕೆ. ಅಷ್ಟರಲ್ಲಿ ಎಷ್ಟೋ ಜನ ಬರುವುದನ್ನೇ ಬಿಡುತ್ತಾರೆ. ಈ ಲೆಕ್ಕವನ್ನು ಎರಡು ಸಾಲಿನಲ್ಲಿ ಬರೆಯಿರಿ, ‘ಇದು ಊಹೆಯ ಲೆಕ್ಕ’ ಎಂದೂ ಸೂಚಿಸಿ.

‘ಯಾರಿಗೆ ಚಿಕಿತ್ಸೆ ಎಂಬ ಬಗ್ಗೆ ಒಪ್ಪಿತ ನೀತಿ ಇರಬೇಕು’ ಎಂಬುದನ್ನು ಕಂಠಪಾಠ ಮಾಡಿದವರು ಬಹಳ, ವಿವರಿಸುವವರು ಕಡಿಮೆ. ಗರ್ಭಕಂಠದ ಸಣ್ಣ ದರ್ಜೆಯ ಬದಲಾವಣೆ, ಅಂದರೆ ಸಿಐಎನ್ 1, ಹೆಚ್ಚಾಗಿ ತಾನೇ ವಾಸಿಯಾಗುತ್ತದೆ, ಅದರ ಮೇಲೆ ನಿಗಾ ಇಟ್ಟರೆ ಸಾಕು. ಸಿಐಎನ್ 2, 3 ಇದ್ದರೆ ಸಾಮಾನ್ಯವಾಗಿ ಚಿಕಿತ್ಸೆ. ಕಲೆ ಗರ್ಭಕಂಠದ ಹೊರಮೈಯ ಮುಕ್ಕಾಲು ಭಾಗ ಮೀರಿದ್ದರೆ ಅಥವಾ ಒಳನಾಳಕ್ಕೆ ಹಬ್ಬಿದ್ದರೆ ಕ್ರಯೋಥೆರಪಿ ಸಲ್ಲದು, ಬೇರೆ ವಿಧಾನಕ್ಕೆ ಕಳಿಸಬೇಕು. ನೀತಿ ಎಂದರೆ ಇಂಥ ಗೆರೆಗಳನ್ನು ಮೊದಲೇ ಎಳೆದಿಟ್ಟುಕೊಳ್ಳುವುದು.

ಖರ್ಚಿನ ಬಗ್ಗೆ ಒಂದೆರಡು ಸಾಲು ಸಾಕು. ಒಂದೇ ಸಲದ ಶಿಬಿರ ಮಾಡಿ ಕೈತೊಳೆದುಕೊಳ್ಳದೆ ನಿರಂತರವಾಗಿ ನಡೆಯಬೇಕು ಎಂಬುದನ್ನೂ ಅಲ್ಲೇ ಸೇರಿಸಿ.

‘ಬದುಕಿದ ವರ್ಷ’ ಎಂದು ಬರೆದು ಅಂಕ ಕಳೆದುಕೊಳ್ಳುವುದು

ಬೇಗ ಪತ್ತೆಯಾದರೆ ಸಾವು ಕಡಿಮೆಯಾಗುತ್ತದೆ ಎಂಬುದಕ್ಕೆ ಪುರಾವೆ ಬೇಕು ಎಂಬ ಮಾನದಂಡಕ್ಕೆ ಪ್ರತ್ಯೇಕ ಪ್ಯಾರಾ ಕೊಡಿ. ಇಲ್ಲಿ ‘ರೋಗಿಗಳು ಹೆಚ್ಚು ವರ್ಷ ಬದುಕುತ್ತಾರೆ’ ಎಂದು ಬರೆಯುವುದು ಸಾಮಾನ್ಯ ತಪ್ಪು. ಒಬ್ಬ ಮಹಿಳೆಗೆ 57ನೇ ವಯಸ್ಸಿನಲ್ಲಿ ಲಕ್ಷಣ ಕಂಡು ಕ್ಯಾನ್ಸರ್ ಎಂದು ಗೊತ್ತಾಯಿತು, 60ಕ್ಕೆ ತೀರಿಕೊಂಡರು. ಪತ್ತೆಯಾದ ಮೇಲೆ ಬದುಕಿದ್ದು ಮೂರು ವರ್ಷ. ಅದೇ ಮಹಿಳೆಗೆ 52ರಲ್ಲೇ ಸ್ಕ್ರೀನಿಂಗ್‌ನಲ್ಲಿ ಪತ್ತೆಯಾಗಿ, ಚಿಕಿತ್ಸೆ ಫಲಿಸದೆ 60ಕ್ಕೇ ತೀರಿಕೊಂಡರೆ ಬದುಕಿದ್ದು ಎಂಟು ವರ್ಷ ಎಂದಾಗುತ್ತದೆ. ಐದು ವರ್ಷ ಬದುಕಿದವರ ಪಟ್ಟಿಗೂ ಅವರು ಸೇರಿಬಿಡುತ್ತಾರೆ. ಆಯಸ್ಸು ಮಾತ್ರ ಒಂದು ದಿನವೂ ಹೆಚ್ಚಿಲ್ಲ. ಇದೇ ಲೀಡ್ ಟೈಮ್ ಬಯಾಸ್. ಹಾಗಾಗಿ ಅಳೆಯಬೇಕಾದದ್ದು ಇಡೀ ಜನಸಮೂಹದಲ್ಲಿ ಆ ರೋಗದಿಂದಾದ ಸಾವಿನ ಪ್ರಮಾಣವನ್ನು, ಅದೂ ರ‍್ಯಾಂಡಮ್ ಆಗಿ ಹಂಚಿದ ಗುಂಪುಗಳಲ್ಲಿ. ಮುಂಬೈ ಕೊಳೆಗೇರಿಗಳಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆ ನಡೆಸಿದ ಅಧ್ಯಯನದಲ್ಲಿ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ವಿಐಎ ಮಾಡಿದ್ದರಿಂದ ಗರ್ಭಕಂಠದ ಕ್ಯಾನ್ಸರ್ ಸಾವು ಶೇ 31ರಷ್ಟು ಇಳಿಯಿತು. 2014ರಲ್ಲಿ ಪ್ರಕಟವಾದ ಈ ಒಂದು ಅಂಕಿ ನೆನಪಿದ್ದರೆ ಸಾಕು, ಇಂಥ ನಾಲ್ಕು ಬೇಡ.

ಅಯೋಗ್ಯ ರೋಗವೊಂದು

ಮಾನದಂಡ ತಪ್ಪಿದರೆ ಏನಾಗುತ್ತದೆ ಎಂದು ತೋರಿಸಲು ಜಪಾನಿನ ನ್ಯೂರೋಬ್ಲಾಸ್ಟೋಮಾ ಕಥೆಗಿಂತ ಒಳ್ಳೆಯದು ಸಿಗುವುದು ಕಷ್ಟ. ಎಳೆಮಕ್ಕಳ ಈ ಗಡ್ಡೆಯನ್ನು ಮೂತ್ರ ಪರೀಕ್ಷೆಯಿಂದ ಹಿಡಿಯಲು 1980ರ ದಶಕದಲ್ಲಿ ಅಲ್ಲಿ ದೇಶವ್ಯಾಪಿ ಕಾರ್ಯಕ್ರಮ ಶುರುವಾಯಿತು. ಮೂತ್ರದ ಪರೀಕ್ಷೆಯಾದ್ದರಿಂದ ಕೂಸಿಗೆ ನೋವಿಲ್ಲ, ರೋಗ ಗಂಭೀರ, ಸುಪ್ತ ಹಂತವೂ ಇತ್ತು. ಗೊತ್ತಿಲ್ಲದೆ ಹೋದದ್ದು ಸಹಜ ಗತಿ. ಆರು ತಿಂಗಳ ವಯಸ್ಸಿನಲ್ಲಿ ಸಿಗುತ್ತಿದ್ದ ಗಡ್ಡೆಗಳಲ್ಲಿ ಬಹಳಷ್ಟು ತಾವಾಗಿಯೇ ಕರಗುವಂಥವು. ಜೀವ ತೆಗೆಯುವ ಬಗೆಯವು ಹೆಚ್ಚಾಗಿ ಆಮೇಲೆ ಬರುವಂಥವು. ಪತ್ತೆಯಾದ ಮಕ್ಕಳ ಸಂಖ್ಯೆ ಏರಿತು, ಬೇಡದ ಆಪರೇಷನ್ ಮತ್ತು ಕಿಮೋ ಅನುಭವಿಸಿದ ಮಕ್ಕಳೂ ಅವರಲ್ಲಿದ್ದರು. ಕೆನಡಾ ಮತ್ತು ಜರ್ಮನಿಯ ಅಧ್ಯಯನಗಳು ಸಾವು ಇಳಿಯುವುದಿಲ್ಲ ಎಂದು 2002ರಲ್ಲಿ ತೋರಿಸಿದ ಮೇಲೆ ಜಪಾನ್ 2004ರಲ್ಲಿ ಕಾರ್ಯಕ್ರಮ ನಿಲ್ಲಿಸಿತು. ಇದನ್ನು ನಾಲ್ಕು ಸಾಲಿಗೆ ಇಳಿಸಿ ಉತ್ತರದ ಕೊನೆಯಲ್ಲಿಡಿ. ‘ಹೀಗೆ ಸ್ಕ್ರೀನಿಂಗ್ ಬಹಳ ಮುಖ್ಯವಾದುದು’ ಎಂಬ ಸಾಲಿನ ಜಾಗದಲ್ಲಿ ಇದು ಬರಲಿ.

ಬೇರೆ ಪ್ರಶ್ನೆಗಳಲ್ಲಿ ಸಮಯ ಹೋಗಿ ಐದೇ ನಿಮಿಷ ಉಳಿದಿದ್ದರೆ ವ್ಯಾಖ್ಯೆ ಬಿಡಿ, ಜಪಾನ್ ಬಿಡಿ, ಲೆಕ್ಕಗಳನ್ನೂ ಬಿಡಿ. ಐದು ಗುರುತುಗಳ ಗೆರೆ ಎಳೆದು, ಕ್ರಿಟಿಕಲ್ ಪಾಯಿಂಟ್‌ನ ಮೂರು ಸಾಲು ಬರೆದು, ಮಾನದಂಡಗಳನ್ನು ಒಂದೊಂದು ಸಾಲಿನಂತೆ ಇಳಿಸಿ, ಪ್ರತಿಯೊಂದರ ಪಕ್ಕದಲ್ಲೂ ಗರ್ಭಕಂಠದ ಕ್ಯಾನ್ಸರಿನ ಎರಡು ಪದ ಹಾಕಿ.