ಎಕ್ಸ್‌ಪೈರಿ ವಾರದ ಓಐ: ಲಾಂಗ್ ಬಿಲ್ಡಪ್ಪೋ, ಶಾರ್ಟ್ ಕವರಿಂಗೋ? ನನ್ನ ಅನುಭವ

ಬೆಲೆ ಏರಿ ಓಪನ್ ಇಂಟರೆಸ್ಟ್, ಅಂದರೆ ಓಐ ಕೂಡ ಏರಿದರೆ ಲಾಂಗ್ ಬಿಲ್ಡಪ್. ಬೆಲೆ ಏರಿ ಓಪನ್ ಇಂಟರೆಸ್ಟ್ ಇಳಿದರೆ ಶಾರ್ಟ್ ಕವರಿಂಗ್. ಫ್ಯೂಚರ್ಸ್‌ಗೆ ಬಂದವರೆಲ್ಲ ಮೊದಲ ವಾರದಲ್ಲೇ ಕಲಿಯುವ ಪಾಠ ಇದು. ನಾನೂ ಹಾಗೇ ಕಲಿತೆ. ತಿಂಗಳ ಮೊದಲ ಮೂರು ವಾರ ಇದು ಸಾಕಷ್ಟು ಚೆನ್ನಾಗಿ ನಡೆಯುತ್ತದೆ. ಕೊನೆಯ ವಾರದಲ್ಲಿ ಇದನ್ನೇ ಕಣ್ಣುಮುಚ್ಚಿ ನಂಬಿ ನಾನು ದುಡ್ಡು ಕಳೆದುಕೊಂಡೆ. ಹೇಗೆ ಅಂತ ಹೇಳುತ್ತೇನೆ.

ಅದೊಂದು ಖಾಸಗಿ ಬ್ಯಾಂಕಿನ ಷೇರು. ಹೆಸರು ಬೇಡ. ಅಂಕಿಗಳನ್ನು ಲೆಕ್ಕಕ್ಕೆ ಸುಲಭವಾಗಲಿ ಅಂತ ದುಂಡು ಮಾಡಿದ್ದೇನೆ. ಮಂಗಳವಾರ ಎಕ್ಸ್‌ಪೈರಿ. ಅದಕ್ಕಿಂತ ಹಿಂದಿನ ಶುಕ್ರವಾರ ಈ ಷೇರಿನ ಫ್ಯೂಚರ್ 1,000ದಿಂದ 1,022ಕ್ಕೆ ಏರಿತ್ತು. ಸಂಜೆ ಆ್ಯಪ್ ತೆರೆದರೆ, ಶಾರ್ಟ್ ಕವರಿಂಗ್ ಪಟ್ಟಿಯಲ್ಲಿ ಇದು ಎಲ್ಲಕ್ಕಿಂತ ಮೇಲಿತ್ತು. ಓಐ ಶೇ. 20 ಇಳಿದಿದೆ ಅಂತ ಕೆಂಪು ಅಕ್ಷರದಲ್ಲಿ ತೋರಿಸುತ್ತಿತ್ತು. ಶಾರ್ಟ್ ಇದ್ದವರು ಹೆದರಿ ಕೊಂಡಿದ್ದಾರೆ, ಹೊಸದಾಗಿ ಕೊಳ್ಳುವವರು ಯಾರೂ ಇಲ್ಲ, ಈ ಏರಿಕೆ ಬಹಳ ದಿನ ಉಳಿಯಲ್ಲ ಅಂದುಕೊಂಡೆ. ಸೋಮವಾರ ಮುಂದಿನ ತಿಂಗಳ ಫ್ಯೂಚರನ್ನು 1,030ಕ್ಕೆ ಒಂದು ಲಾಟ್ ಮಾರಿದೆ. ಆರು ದಿನದ ವಹಿವಾಟಿನಲ್ಲಿ ಅದು 1,085ಕ್ಕೆ ಹೋಯಿತು. ಅಲ್ಲಿ ಹೊರಬಂದೆ. ಷೇರಿಗೆ 55 ರೂಪಾಯಿ ಹೋಯಿತು.

ಆಮೇಲೆ ಬಹಳ ವರ್ಷ ಡೀಲರ್ ಆಗಿದ್ದ ಹಿರಿಯರೊಬ್ಬರಿಗೆ ಇದನ್ನು ತೋರಿಸಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಈ ತಿಂಗಳದ್ದು ಇಳಿದಿದೆ ಸರಿ. ಮೂರೂ ತಿಂಗಳದ್ದು ಕೂಡಿಸಿ ನೋಡಿದ್ಯೇನಪ್ಪಾ?"

ನೋಡಿರಲಿಲ್ಲ. ಅವತ್ತೇ ಕೂತು ಕೂಡಿಸಿದೆ. ಗುರುವಾರ ಈ ತಿಂಗಳ ಕಾಂಟ್ರಾಕ್ಟಿನಲ್ಲಿ 200 ಲಕ್ಷ ಷೇರು, ಮುಂದಿನ ತಿಂಗಳದ್ದರಲ್ಲಿ 50 ಲಕ್ಷ, ಅದರಾಚೆಯದ್ದರಲ್ಲಿ 2 ಲಕ್ಷ. ಒಟ್ಟು 252 ಲಕ್ಷ. ಶುಕ್ರವಾರ ಈ ತಿಂಗಳದ್ದು 160 ಲಕ್ಷಕ್ಕೆ ಇಳಿದಿತ್ತು. ಆದರೆ ಮುಂದಿನ ತಿಂಗಳದ್ದು 104 ಲಕ್ಷಕ್ಕೆ ಏರಿತ್ತು. ಮೂರನೆಯದು 2 ಲಕ್ಷದಲ್ಲೇ ಇತ್ತು. ಒಟ್ಟು 266 ಲಕ್ಷ. ಅಂದರೆ 40 ಲಕ್ಷ ಕಡಿಮೆಯಾದ ಕಡೆ 54 ಲಕ್ಷ ಸೇರಿತ್ತು. ಒಟ್ಟು ಓಐ ಶೇ. 5.6 ಏರಿತ್ತು, ಬೆಲೆ ಶೇ. 2.2 ಏರಿತ್ತು. ನಾನು ಶಾರ್ಟ್ ಕವರಿಂಗ್ ಅಂದುಕೊಂಡದ್ದು ಅಪ್ಪಟ ಲಾಂಗ್ ಬಿಲ್ಡಪ್.

ಕಾರಣ ಸರಳ. ಷೇರು ಫ್ಯೂಚರನ್ನು ಎಕ್ಸ್‌ಪೈರಿವರೆಗೆ ಇಟ್ಟುಕೊಂಡರೆ ಈಗ ಡೆಲಿವರಿಗೆ ಹೋಗುತ್ತದೆ. 2019ರ ಅಕ್ಟೋಬರ್‌ನಿಂದ ಎಲ್ಲ ಷೇರುಗಳಿಗೂ ಇದೇ ನಿಯಮ. ಡೆಲಿವರಿ ಬೇಡದವರು ಈ ತಿಂಗಳದ್ದನ್ನು ಮುಚ್ಚಿ ಮುಂದಿನ ತಿಂಗಳದ್ದನ್ನು ಹಿಡಿಯುತ್ತಾರೆ. ಇದೇ ರೋಲ್‌ಓವರ್. ಹಾಗಾಗಿ ಕೊನೆಯ ವಾರದಲ್ಲಿ ಸಾಮಾನ್ಯವಾಗಿ ಈ ತಿಂಗಳ ಓಐ ದಿನಾ ಇಳಿಯುತ್ತದೆ, ಮುಂದಿನ ತಿಂಗಳದ್ದು ದಿನಾ ಏರುತ್ತದೆ. ಬೆಲೆ ಏರಿದ ದಿನ ಒಂದು ಕಾಂಟ್ರಾಕ್ಟ್ ಶಾರ್ಟ್ ಕವರಿಂಗ್ ಅನ್ನುತ್ತದೆ, ಇನ್ನೊಂದು ಲಾಂಗ್ ಬಿಲ್ಡಪ್ ಅನ್ನುತ್ತದೆ. ಎರಡೂ ಸುಳ್ಳಿರಬಹುದು. ಬರೀ ಜಾಗ ಬದಲಾಗಿರುತ್ತದೆ, ಅಷ್ಟೇ.

ಅಂದಿನಿಂದ ನಾನು ಆ್ಯಪಿನ ಪಟ್ಟಿ ಬಿಟ್ಟು ಎನ್‌ಎಸ್‌ಇ ಸಂಜೆ ಕೊಡುವ ಎಫ್ ಅಂಡ್ ಓ ಭಾವ್‌ಕಾಪಿಯನ್ನೇ ಇಳಿಸಿಕೊಳ್ಳುತ್ತೇನೆ. ಅದರಲ್ಲಿ ಷೇರು ಫ್ಯೂಚರ್‌ಗಳ ಸಾಲುಗಳಿಗೆ `STF` ಅಂತ ಗುರುತು ಇರುತ್ತದೆ. ಫೈಲನ್ನು pandas‌ನಲ್ಲಿ `df` ಅನ್ನುವ ಹೆಸರಿಗೆ ಓದಿಕೊಂಡ ಮೇಲೆ ನನಗೆ ಬೇಕಾದ್ದು ಎರಡೇ ಸಾಲಿನ ಕೆಲಸ:

```python
f = df[df.FinInstrmTp == "STF"]
f.groupby("TckrSymb")[["OpnIntrst", "ChngInOpnIntrst"]].sum()
```

ಇದರಲ್ಲಿ `ChngInOpnIntrst` ಕೂಡಿಸುವುದಕ್ಕೆ ಒಂದು ಕಾರಣ ಇದೆ. ಎಕ್ಸ್‌ಪೈರಿ ಆದ ಮಾರನೇ ದಿನ ಹಳೆಯ ತಿಂಗಳ ಸಾಲೇ ಫೈಲಿನಲ್ಲಿ ಇರುವುದಿಲ್ಲ. ಇವತ್ತಿನ ಒಟ್ಟಿನಿಂದ ನಿನ್ನೆಯ ಒಟ್ಟನ್ನು ಕಳೆದರೆ ಓಐ ಒಮ್ಮೆಲೇ ಕುಸಿದ ಹಾಗೆ ಕಾಣುತ್ತದೆ. ಬೆಲೆ ಸ್ವಲ್ಪ ಏರಿದ್ದರೂ ಸಾಕು, ಮಾರುಕಟ್ಟೆ ತುಂಬಾ ಶಾರ್ಟ್ ಕವರಿಂಗ್ ಅಂತ ಲೆಕ್ಕ ಹೇಳುತ್ತದೆ. ಆದರೆ ಅದು ಅವಧಿ ಮುಗಿದು ಅಳಿಸಿಹೋದ ಓಐ, ಯಾರೂ ಅವತ್ತು ಕವರ್ ಮಾಡಿದ್ದಲ್ಲ. ಉಳಿದ ಕಾಂಟ್ರಾಕ್ಟುಗಳ ಬದಲಾವಣೆಯನ್ನು ಮಾತ್ರ ಕೂಡಿಸಿದರೆ ಈ ತೊಂದರೆ ಇರುವುದಿಲ್ಲ. ಎಕ್ಸ್‌ಪೈರಿ ದಿನದ ಅಂಕಿಯನ್ನಂತೂ ನಾನು ನೋಡುವುದೇ ಇಲ್ಲ. ಅವತ್ತು ರೋಲ್ ಮಾಡದವರಲ್ಲಿ ಬಹಳ ಜನ ಮುಚ್ಚುತ್ತಾರೆ, ಒಟ್ಟು ಇಳಿಯುವುದು ಸಹಜ.

ಇನ್ನೊಂದು ಮಾತು. ಈ ಫೈಲಿನಲ್ಲಿ ಓಐ ಇರುವುದು ಷೇರುಗಳ ಲೆಕ್ಕದಲ್ಲಿ, ಲಾಟ್ ಲೆಕ್ಕದಲ್ಲಲ್ಲ. ಕಂಪನಿ ಒಂದಕ್ಕೊಂದು ಬೋನಸ್ ಕೊಟ್ಟರೆ ರಾತ್ರೋರಾತ್ರಿ ಓಐ ಎರಡರಷ್ಟಾಗಿ, ಬೆಲೆ ಅರ್ಧ ಆಗಿರುತ್ತದೆ. ನೋಡಿದರೆ ಭಯಂಕರ ಶಾರ್ಟ್ ಬಿಲ್ಡಪ್. ಅಂಥ ಷೇರನ್ನು ಆ ದಿನ ಪಟ್ಟಿಯಿಂದ ತೆಗೆದುಬಿಡುತ್ತೇನೆ.

ಒಟ್ಟು ಓಐ ಒಂದನ್ನೇ ನೋಡಿದರೆ ಸಾಲದು. ಪ್ರತಿ ಕಾಂಟ್ರಾಕ್ಟಿಗೂ ಕೊಂಡವನೊಬ್ಬ, ಮಾರಿದವನೊಬ್ಬ ಇದ್ದೇ ಇರುತ್ತಾನಲ್ವಾ? ರೋಲ್ ಮಾಡುವಾಗ ಯಾರಿಗೆ ಅವಸರ ಇತ್ತು ಅನ್ನುವುದೇ ಮುಖ್ಯ. ಅದನ್ನು ಎರಡು ತಿಂಗಳ ಬೆಲೆಗಳ ಅಂತರ, ಅಂದರೆ ಸ್ಪ್ರೆಡ್ ಹೇಳುತ್ತದೆ. ಲಾಂಗ್ ಇರುವವನು ರೋಲ್ ಮಾಡಲು ಈ ತಿಂಗಳದ್ದನ್ನು ಮಾರಿ ಮುಂದಿನದನ್ನು ಕೊಳ್ಳುತ್ತಾನೆ. ಅವನಿಗೆ ಅವಸರ ಇದ್ದರೆ ಅಂತರ ಅಗಲವಾಗುತ್ತದೆ. ಶಾರ್ಟ್ ಇರುವವನು ಈ ತಿಂಗಳದ್ದನ್ನು ಕೊಂಡು ಮುಂದಿನದನ್ನು ಮಾರುತ್ತಾನೆ. ಅವನಿಗೆ ಅವಸರ ಇದ್ದರೆ ಅಂತರ ಕುಗ್ಗುತ್ತದೆ.

ಅಗಲ, ಕುಗ್ಗಿದ್ದು ಅಂತ ಹೇಳಲು ಒಂದು ಅಳತೆ ಬೇಕು. ನಾನು ಬಡ್ಡಿಯ ಲೆಕ್ಕ ಹಾಕುತ್ತೇನೆ. ವರ್ಷಕ್ಕೆ ಶೇ. 6.5 ಅಂತ ಹಿಡಿದರೆ, ಎರಡು ಎಕ್ಸ್‌ಪೈರಿಗಳ ನಡುವೆ 28 ದಿನ ಇದ್ದಾಗ 1,000 ರೂಪಾಯಿಗೆ ಸುಮಾರು 5 ರೂಪಾಯಿ ಆಗುತ್ತದೆ. ಅಂದರೆ ಶೇ. 0.50. ನಡುವೆ 35 ದಿನ ಇದ್ದರೆ ಶೇ. 0.62. ಈ ದಿನಗಳ ಲೆಕ್ಕ ಬಿಟ್ಟು ಹೋದ ತಿಂಗಳ ಸ್ಪ್ರೆಡ್‌ಗೆ ಸುಮ್ನೆ ಹೋಲಿಸಿದರೆ ಐದು ವಾರದ ತಿಂಗಳಲ್ಲಿ ಎಲ್ಲ ಷೇರಿನಲ್ಲೂ ಲಾಂಗ್ ರೋಲ್ ಆದ ಹಾಗೆ ಕಾಣುತ್ತದೆ. ಬೆಲೆಗೆ ನಾನು `SttlmPric` ತೆಗೆದುಕೊಳ್ಳುತ್ತೇನೆ. ಅದು ಕೊನೆಯ ಅರ್ಧ ಗಂಟೆಯ ಸರಾಸರಿ. ಕಡೆಯ ಒಂದು ಟ್ರೇಡ್ ಹೆಚ್ಚುಕಮ್ಮಿ ಆದರೂ ಲೆಕ್ಕ ಕೆಡುವುದಿಲ್ಲ.

ನನ್ನ ಬ್ಯಾಂಕ್ ಷೇರಿನಲ್ಲಿ ಗುರುವಾರ ಈ ತಿಂಗಳದ್ದು 1,000, ಮುಂದಿನದು 1,004 ಇತ್ತು. ಸ್ಪ್ರೆಡ್ ಶೇ. 0.40. ಶುಕ್ರವಾರ 1,022 ಮತ್ತು 1,028.20. ಶೇ. 0.61. 28 ದಿನದ ಅಳತೆ ಶೇ. 0.50. ಒಂದೇ ದಿನದಲ್ಲಿ ಕೆಳಗಿನಿಂದ ಮೇಲೆ ದಾಟಿತ್ತು. ಲಾಂಗ್ ಇದ್ದವರು ಬಡ್ಡಿಗಿಂತ ಜಾಸ್ತಿ ಕೊಟ್ಟು ಮುಂದಿನ ತಿಂಗಳಿಗೆ ಹೋಗುತ್ತಿದ್ದರು. ಅಂಥ ದಿನದ ನಂತರದ ವಹಿವಾಟಿನ ದಿನವೇ ನಾನು ಶಾರ್ಟ್ ಮಾಡಿದ್ದೆ.

ಇಲ್ಲಿ ಡಿವಿಡೆಂಡ್ ವಿಷಯದಲ್ಲಿ ಹುಷಾರಾಗಿರಬೇಕು. 2025ರಲ್ಲಿ ಇನ್ಫೋಸಿಸ್ 22 ರೂಪಾಯಿ ಅಂತಿಮ ಡಿವಿಡೆಂಡ್ ಘೋಷಿಸಿತ್ತು. ಎಕ್ಸ್ ದಿನಾಂಕ ಮೇ 30. ಮೇ ಸೀರೀಸ್ ಮುಗಿದದ್ದು ಮೇ 29ಕ್ಕೆ. ಅಂದರೆ ಮೇ ಫ್ಯೂಚರ್ ಬೆಲೆಗೆ ಡಿವಿಡೆಂಡಿನ ಪರಿಣಾಮ ಇಲ್ಲ, ಜೂನ್ ಫ್ಯೂಚರ್ ಬೆಲೆಗೆ ಇದೆ. ಬಡ್ಡಿ ಲೆಕ್ಕದಲ್ಲಿ ಜೂನ್ 8 ರೂಪಾಯಿಯಷ್ಟು ಮೇಲಿರಬೇಕಾದ ಕಡೆ, ಡಿವಿಡೆಂಡ್ ಕಳೆದರೆ ಸುಮಾರು 14 ರೂಪಾಯಿ ಕೆಳಗಿರುವುದೇ ಸರಿಯಾದ ಬೆಲೆ. ಅದನ್ನು ನೋಡಿ ಶಾರ್ಟ್ ರೋಲ್ ಅಂದುಕೊಂಡರೆ ಪೂರ್ತಿ ತಪ್ಪು. ಸ್ಪ್ರೆಡ್ ಲೆಕ್ಕಕ್ಕೆ ಮೊದಲು ಮುಂದಿನ ಸೀರೀಸಿನಲ್ಲಿ ಎಕ್ಸ್ ದಿನಾಂಕ ಇದೆಯಾ ಅಂತ ನೋಡುವುದು ನನಗೆ ಈಗ ರೂಢಿಯಾಗಿದೆ.

ಕೆಲವು ತಿಂಗಳ ನಂತರ ಬೇರೊಂದು ಷೇರಿನಲ್ಲಿ ನನ್ನ ಬ್ಯಾಂಕ್ ಷೇರಿಗೆ ತದ್ವಿರುದ್ಧವಾದ ಕೇಸ್ ಸಿಕ್ಕಿತು. ಈ ಷೇರು ಮೂರು ವಾರದಿಂದ ಇಳಿಯುತ್ತಿತ್ತು, ಓಐ ಏರುತ್ತಿತ್ತು. ಶಾರ್ಟ್ ತುಂಬಿಕೊಂಡಿತ್ತು. ಎಕ್ಸ್‌ಪೈರಿ ಹಿಂದಿನ ಶುಕ್ರವಾರ 500ರಿಂದ 520ಕ್ಕೆ ಏರಿತು. ಮುಂದಿನ ತಿಂಗಳ ಕಾಂಟ್ರಾಕ್ಟಿನಲ್ಲಿ ಓಐ 80 ಲಕ್ಷದಿಂದ 143 ಲಕ್ಷಕ್ಕೆ ಹೋಗಿತ್ತು. ಹೊಸ ಸೀರೀಸಿನಲ್ಲಿ ಜೋರು ಲಾಂಗ್ ಬಿಲ್ಡಪ್ ಅಂತ ಎಲ್ಲರೂ ಮಾತಾಡುತ್ತಿದ್ದರು. ಆದರೆ ಈ ತಿಂಗಳದ್ದು 300 ಲಕ್ಷದಿಂದ 205ಕ್ಕೆ ಇಳಿದಿತ್ತು. ಮೂರನೆಯದು 3 ಲಕ್ಷದಲ್ಲೇ ಇತ್ತು. ಒಟ್ಟು 383ರಿಂದ 351. ಶೇ. 8ಕ್ಕಿಂತ ಜಾಸ್ತಿ ಇಳಿಕೆ. ಸ್ಪ್ರೆಡ್ ಶೇ. 0.20ರಿಂದ 0.15ಕ್ಕೆ ಇನ್ನೂ ಕುಗ್ಗಿತ್ತು. ಮುಂದಿನ ತಿಂಗಳದ್ದಕ್ಕೆ ಯಾರೂ ಜಾಸ್ತಿ ಕೊಡುತ್ತಿರಲಿಲ್ಲ. ಜನ ಮುಗಿಬಿದ್ದು ಕೊಳ್ಳುತ್ತಿದ್ದದ್ದು ಈ ತಿಂಗಳದ್ದನ್ನು, ಅಂದರೆ ಶಾರ್ಟ್ ಮುಚ್ಚಲು.

ಆ ದಿನದ ಚಾರ್ಟನ್ನು ಹದಿನೈದು ನಿಮಿಷದ ಕ್ಯಾಂಡಲ್‌ನಲ್ಲಿ ನೋಡಿದೆ. 511ರಲ್ಲಿ ಗ್ಯಾಪ್ ಆಗಿ ತೆರೆದು, ಹನ್ನೊಂದೂವರೆಗೆ 524 ಮುಟ್ಟಿ, ಆಮೇಲೆ ಸಂಜೆವರೆಗೂ ಅಲ್ಲಿಂದ ಮೇಲೆ ಹೋಗಲಿಲ್ಲ. ಮೂರು ವಾರದ ಹಿಂದೆ ಷೇರು ಮುರಿದು ಬಿದ್ದದ್ದು 525ರ ಹತ್ತಿರ. ಬ್ಯಾಂಕ್ ಷೇರು ಹಾಗಿರಲಿಲ್ಲ. ಅದು ಇಡೀ ದಿನ ನಿಧಾನವಾಗಿ ಏರಿ ದಿನದ ಗರಿಷ್ಠದ ಹತ್ತಿರವೇ ಮುಗಿದಿತ್ತು. ಮಧ್ಯೆ ಸ್ವಲ್ಪ ಇಳಿದಾಗ ಮತ್ತೆ ಕೊಳ್ಳುವವರು ಬಂದಿದ್ದರು. ಶಾರ್ಟ್ ಮುಚ್ಚುವವನಿಗೆ ಇಳಿಕೆಗೆ ಕಾಯುವಷ್ಟು ತಾಳ್ಮೆ ಇರುವುದಿಲ್ಲ. ಅವನು ಬೆಳಗ್ಗೆಯೇ ಸಿಕ್ಕ ಬೆಲೆಗೆ ಕೊಳ್ಳುತ್ತಾನೆ. ಅವನ ಕೆಲಸ ಮುಗಿದ ಮೇಲೆ ಕೊಳ್ಳುವವರೇ ಇರುವುದಿಲ್ಲ.

ಈ ವಿಧಾನಕ್ಕೂ ಮಿತಿ ಇದೆ. ಶಾರ್ಟ್ ಮುಚ್ಚಲು ಕೊಳ್ಳುವವನಿಗೆ ಹಳೆಯ ಲಾಂಗ್ ಇರುವವನು ಮಾರಿದರೆ ಮಾತ್ರ ಓಐ ಇಳಿಯುತ್ತದೆ. ಅವನಿಗೆ ಹೊಸ ಶಾರ್ಟ್ ಒಬ್ಬ ಮಾರಿದರೆ ಓಐ ಅಲ್ಲೇ ಇರುತ್ತದೆ. ಹಾಗಾಗಿ ಒಟ್ಟು ಓಐ ಶೇ. 2ರ ಒಳಗೆ ಬದಲಾಗಿದ್ದರೆ ನಾನು ಯಾವ ಹೆಸರೂ ಇಡುವುದಿಲ್ಲ. ಇನ್ನೊಂದು ಆರ್ಬಿಟ್ರೇಜ್ ಫಂಡುಗಳದ್ದು. ಅವರು ಷೇರು ಕೊಂಡು ಫ್ಯೂಚರ್ ಮಾರುತ್ತಾರೆ. ಅವರ ಶಾರ್ಟ್‌ಗೆ ಬೆಲೆ ಏರಿದರೂ ಹೆದರಿಕೆ ಇಲ್ಲ, ಕವರ್ ಮಾಡಬೇಕಾದ ಅವಸರವೂ ಇಲ್ಲ. ಪ್ರೀಮಿಯಂ ಚೆನ್ನಾಗಿರುವ ಷೇರಿನಲ್ಲಿ ಓಐ ಬಹಳ ಇದೆ ಅಂದ ಮಾತ್ರಕ್ಕೆ ಶಾರ್ಟ್‌ಗಳು ಸಿಕ್ಕಿಬಿದ್ದಿದ್ದಾರೆ ಅಂತ ಲೆಕ್ಕ ಹಾಕಬಾರದು. ನಾನು ಸಿಕ್ಕಿಬಿದ್ದ ಶಾರ್ಟ್ ಹುಡುಕುವುದು ಸ್ಪ್ರೆಡ್ ಬಡ್ಡಿಗಿಂತ ಕೆಳಗಿರುವ ಷೇರುಗಳಲ್ಲಿ ಮಾತ್ರ.

ಆ ಎರಡನೇ ಷೇರನ್ನು ಶುಕ್ರವಾರ ಕೊಳ್ಳಲಿಲ್ಲ. ಸೋಮವಾರ 522, ಒಟ್ಟು ಓಐ ಮತ್ತೆ ಶೇ. 2 ಇಳಿಯಿತು. ಕವರಿಂಗ್ ಮುಗಿಯುತ್ತಾ ಬಂದಿತ್ತು, ಬೆಲೆ ಹೆಚ್ಚೇನೂ ಏರಲಿಲ್ಲ. ಮಂಗಳವಾರ ಎಕ್ಸ್‌ಪೈರಿ, ಆ ದಿನದ ಅಂಕಿ ಬಿಟ್ಟೆ. ಬುಧವಾರ ಉಳಿದ ಕಾಂಟ್ರಾಕ್ಟುಗಳ ಬದಲಾವಣೆ ಕೂಡಿಸಿದರೆ ಓಐ ಶೇ. 3 ಏರಿತ್ತು, ಬೆಲೆ 514ಕ್ಕೆ ಇಳಿದಿತ್ತು. ಹೊಸ ಸೀರೀಸಿನ ಮೊದಲ ದಿನವೇ ಶಾರ್ಟ್‌ಗಳು ವಾಪಸ್ ಬಂದಿದ್ದರು.