ರಿಂಗ್ ಜಾಯಿಂಟ್ ಲೈನಿಗೆ ಬೆಂಡಿನಲ್ಲಿ ಕಾಂಕ್ರೀಟ್ ಆನಿಕೆ: ನನ್ನ ಅನುಭವ

ತೀರ್ಥಹಳ್ಳಿ ಕಡೆ ಗುಡ್ಡದ ಟ್ಯಾಂಕಿನಿಂದ ಅಡಿಕೆ ತೋಟಕ್ಕೆ ಇಳಿಸುವ ಲೈನುಗಳಲ್ಲಿ ಪೈಪು ಒಡೆಯುವುದಕ್ಕಿಂತ ಬೆಂಡು ಕಳಚುವುದೇ ಹೆಚ್ಚು. ನೀರು ರಭಸವಾಗಿ ತಿರುಗುವುದರಿಂದ ಹೀಗಾಗುತ್ತದೆ ಎಂದು ಹಲವರು ತಿಳಿದಿದ್ದಾರೆ. ಆದರೆ ವಾಲ್ವ್ ಮುಚ್ಚಿ ನೀರು ನಿಂತಿರುವಾಗಲೇ ಒತ್ತಡ ಪೂರ್ತಿ ಇರುತ್ತದೆ, ಕಳಚುವುದೂ ಆಗಲೇ.

110 ಎಂಎಂ ಪಿವಿಸಿ ಪೈಪು, ಟ್ಯಾಂಕಿನಿಂದ ನೇರ ಎತ್ತರದ ಲೆಕ್ಕದಲ್ಲಿ 60 ಮೀಟರ್ ಇಳಿತ ಎಂದುಕೊಳ್ಳಿ. ಕೆಳಗೆ ಒತ್ತಡ ಚದರ ಸೆಂಟಿಮೀಟರಿಗೆ 6 ಕೆಜಿ. ಪೈಪಿನ ಹೊರ ಅಳತೆಯ ಬಾಯಿ ಸುಮಾರು 95 ಚದರ ಸೆಂಮೀ. ಅಂದರೆ ಕೊನೆಯ ಎಂಡ್ ಕ್ಯಾಪನ್ನು ನೀರು 570 ಕೆಜಿಯಷ್ಟು ತಳ್ಳುತ್ತದೆ. 90 ಡಿಗ್ರಿ ಬೆಂಡಿನಲ್ಲಿ ಎರಡು ಕಡೆಯ ತಳ್ಳುವಿಕೆ ಸೇರಿ ಅದರ 1.41 ಪಟ್ಟು, ಸುಮಾರು 800 ಕೆಜಿ, ಹೊರಮೈಯ ಕಡೆಗೆ. ಸೆಕೆಂಡಿಗೆ ಒಂದು ಮೀಟರ್ ಹರಿಯುವ ನೀರಿನ ವೇಗದ ಪಾಲು ಇದರಲ್ಲಿ ಒಂದೂವರೆ ಕೆಜಿಯೂ ಇಲ್ಲ. ರಬ್ಬರ್ ರಿಂಗ್ ನೀರು ಸೋರದಂತೆ ತಡೆಯುತ್ತದೆಯೇ ಹೊರತು ಪೈಪನ್ನು ಹಿಡಿದುಕೊಳ್ಳುವುದಿಲ್ಲ. ಸೊಲ್ಯೂಷನ್ ಹಾಕಿ ಸರಿಯಾಗಿ ಅಂಟಿಸಿದ ಜಾಯಿಂಟ್ ಆ ಎಳೆತವನ್ನು ತಾನೇ ತಡೆಯುತ್ತದೆ.

ನಾನು ಲೆಕ್ಕ ಹಾಕುವುದು ಟೆಸ್ಟಿಂಗ್ ಒತ್ತಡಕ್ಕೆ, ಅಂದರೆ ಒಂದೂವರೆ ಪಟ್ಟಿಗೆ. ಆಗ ಈ ಬೆಂಡಿಗೆ ಸುಮಾರು 1,200 ಕೆಜಿ. ತೋಟದ ಒದ್ದೆ ಜೇಡಿಗೆ ಚದರ ಮೀಟರಿಗೆ 5 ಟನ್ನಿಗಿಂತ ಹೆಚ್ಚು ಹೊರಿಸುವುದಿಲ್ಲ. ಹಾಗಾಗಿ ಬೆಂಡಿನ ಬೆನ್ನಿಗೆ ಹಾಕುವ ಕಾಂಕ್ರೀಟ್ ಬ್ಲಾಕಿನಲ್ಲಿ ಮಣ್ಣಿಗೆ ಆನುವ ಮುಖ 0.24 ಚದರ ಮೀಟರ್ ಬೇಕು: 60 ಸೆಂಮೀ ಅಗಲ, 40 ಸೆಂಮೀ ಎತ್ತರ. ಗಟ್ಟಿ ಜಂಬಿಟ್ಟಿಗೆ ನೆಲವಾದರೆ ಇದರ ಅರ್ಧ ಸಾಕು. ಬೇಸಿಗೆಯಲ್ಲಿ ಕಲ್ಲಿನಂತಿರುವ ಜೇಡಿಯನ್ನು ನೋಡಿ ಅಳತೆ ಇಳಿಸಬೇಡಿ, ಆಷಾಢದಲ್ಲಿ ಅದೇ ಮಣ್ಣು ಮೆತ್ತಗಾಗುತ್ತದೆ.

ಬೆಂಡಿನ ಹೊರಮೈ ಎದುರಿನ ಚರಂಡಿ ಗೋಡೆಯನ್ನು ಅಗೆಯದ ಮಣ್ಣು ಸಿಗುವವರೆಗೆ ನೇರವಾಗಿ ಕೆತ್ತಬೇಕು. ಮುಖ್ಯವಾದದ್ದು ಇದೇ. ತುಂಬಿದ ಮಣ್ಣಿಗೆ ಒರಗಿದ ಬ್ಲಾಕ್ ಎಷ್ಟೇ ದೊಡ್ಡದಿದ್ದರೂ ಬೆಂಡಿನ ಜೊತೆಗೇ ಸರಿಯುತ್ತದೆ. ಹಿಂದೆಯೇ ಬಸಿಗಾಲುವೆ ಇದ್ದರೂ ಅದೇ ಗತಿ, ಅಲ್ಲಿ ಬೆಂಡಿನ ಜಾಗವನ್ನೇ ಬದಲಿಸಿ. ಬೆಂಡಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಸುತ್ತಿ, 1:2:4 ಕಾಂಕ್ರೀಟನ್ನು ಬೆಂಡಿನ ಬೆನ್ನಿನಿಂದ ಮಣ್ಣಿನ ಕಡೆಗೆ ಅಗಲವಾಗುತ್ತಾ ಹೋಗುವಂತೆ ಹಾಕಬೇಕು. ಪೈಪಿನ ನಡುಗೆರೆ ಆ ಮುಖದ ಮಧ್ಯಕ್ಕೆ ಬರಲಿ. ಜಾಯಿಂಟುಗಳು ಕಾಂಕ್ರೀಟಿನೊಳಗೆ ಹೂತುಹೋಗಬಾರದು, ಸೋರಿದರೆ ಗೊತ್ತಾಗುವುದೇ ಇಲ್ಲ.

ಏಳು ದಿನ ನೀರುಣಿಸಿದ ಮೇಲೆಯೇ ಟೆಸ್ಟ್. ಅದಕ್ಕೆ ಮೊದಲು ಪೈಪುಗಳ ನಡುಭಾಗಕ್ಕೆ ಮಣ್ಣು ಹೇರಿ ಜಾಯಿಂಟುಗಳನ್ನು ಮಾತ್ರ ತೆರೆದಿಡಿ. ಸಾಕೆಟ್ಟಿನ ಅಂಚಿಗೆ ಸರಿಯಾಗಿ ಪೈಪಿನ ಮೇಲೆ ಮಾರ್ಕರ್‌ನಲ್ಲಿ ಗೆರೆ ಎಳೆದು, ಒತ್ತಡವನ್ನು ನಿಧಾನಕ್ಕೆ 9 ಕೆಜಿಗೆ ಏರಿಸಿ. ಗೆರೆ ಅಂಚಿನಿಂದ ದೂರ ಸರಿದರೆ ಜಾಯಿಂಟ್ ಬಿಚ್ಚಿಕೊಳ್ಳುತ್ತಿದೆ ಎಂದರ್ಥ, ಒಂದು ಹನಿ ಸೋರದಿದ್ದರೂ ಸರಿಯೇ. ಆಗ ಒತ್ತಡ ಇಳಿಸಿ ಬ್ಲಾಕಿನ ಹಿಂದೆ ಮಣ್ಣು ಬಿರಿದಿದೆಯೇ ನೋಡಿ.

ದಿಬ್ಬದ ಮೇಲೆ ಕೆಳಮುಖವಾಗಿ ಬಾಗುವ ಬೆಂಡಿಗೆ ಈ ಲೆಕ್ಕ ಹೊಂದುವುದಿಲ್ಲ. ಅಲ್ಲಿ ತಳ್ಳುವಿಕೆ ಮೇಲಕ್ಕೆ, ತಡೆಯುವುದು ಕಾಂಕ್ರೀಟಿನ ತೂಕ ಮಾತ್ರ. ಇದೇ ಟೆಸ್ಟಿಂಗ್ ಒತ್ತಡಕ್ಕೆ 22.5 ಡಿಗ್ರಿ ಬೆಂಡಾದರೂ ಸುಮಾರು 335 ಕೆಜಿ ಬ್ಲಾಕ್ ಬೇಕು, ಪೈಪನ್ನು ಕಬ್ಬಿಣದ ಪಟ್ಟಿಯಿಂದ ಅದಕ್ಕೆ ಬಿಗಿಯಬೇಕು.