ಹೆಸರು ಬದಲಿಸಿದರೆ ಬೇರೆಯವರಿಗೂ ಒಪ್ಪುವ ಶಿಫಾರಸು ಬೇಡ

ಹಳೆಯ ಕಂಪನಿಯ ಸಹೋದ್ಯೋಗಿಯೊಬ್ಬರು ‘ಲಿಂಕ್ಡ್‌ಇನ್‌ನಲ್ಲಿ ನನಗೊಂದು ರೆಕಮೆಂಡೇಶನ್ ಬರೆದುಕೊಡ್ತೀರಾ?’ ಎಂದು ಮೆಸೇಜ್ ಹಾಕುತ್ತಾರೆ. ದಾಕ್ಷಿಣ್ಯಕ್ಕೆ ಒಪ್ಪಿಕೊಂಡು ಬರೆಯಲು ಕೂತರೆ ಕೈಗೆ ಬರುವುದು ಇಷ್ಟೇ: ‘ಇವರು ಶ್ರಮಜೀವಿ, ಎಲ್ಲರೊಂದಿಗೆ ಹೊಂದಿಕೊಂಡು ಹೋಗುವವರು, ಯಾವ ಸಂಸ್ಥೆಗಾದರೂ ಆಸ್ತಿ.’ ಹೆಸರು ಅಳಿಸಿ ಪಕ್ಕದ ಟೇಬಲ್‌ನವರ ಹೆಸರು ಹಾಕಿದರೂ ಈ ಮಾತು ಹಾಗೇ ಒಪ್ಪುತ್ತದೆ. ಓದುವವರಿಗೂ ಅದು ಗೊತ್ತಾಗುತ್ತದೆ.

ಆದ್ದರಿಂದ ಬರೆಯುವ ಮೊದಲು ಅವರಿಗೇ ಫೋನ್ ಮಾಡಿ. ಈಗ ಯಾವ ಕೆಲಸಕ್ಕೆ ಪ್ರಯತ್ನಿಸುತ್ತಿದ್ದಾರೆ, ಯಾವ ಕೆಲಸದ ಬಗ್ಗೆ ಬರೆದರೆ ಉಪಯೋಗ ಎಂದು ಕೇಳಿಕೊಳ್ಳಿ. ಮ್ಯಾನೇಜರ್ ಹುದ್ದೆಗೆ ಹೊರಟವರಿಗೆ ‘ಕೋಡ್ ಬಹಳ ಚೆನ್ನಾಗಿ ಬರೆಯುತ್ತಾರೆ’ ಎಂದರೆ ಹೊಗಳಿಕೆ ನಿಜವಾದರೂ ಕೆಲಸಕ್ಕೆ ಬರುವುದಿಲ್ಲ.

ನಂತರ ಒಂದು ಘಟನೆ ಹೆಕ್ಕಿ. ಒಂದೇ ಸಾಕು, ಆದರೆ ನೀವು ಕಣ್ಣಾರೆ ಕಂಡದ್ದಾಗಿರಬೇಕು. ಆಗ ಏನು ಸಮಸ್ಯೆ ಇತ್ತು, ಅವರು ಏನು ಮಾಡಿದರು, ಅದರಿಂದ ಏನಾಯಿತು ಎಂಬುದನ್ನು ಮೊದಲು ಒರಟಾಗಿ ಕನ್ನಡದಲ್ಲೇ ಬರೆದುಕೊಳ್ಳಿ. ಕೊನೆಗೆ ಹಾಕುವುದು ಇಂಗ್ಲಿಷ್‌ನಲ್ಲಾದರೂ ನೆನಪು ಬಿಚ್ಚಿಕೊಳ್ಳುವುದು ಮನೆಮಾತಿನಲ್ಲೇ. ಇಂಗ್ಲಿಷ್‌ನಲ್ಲಿ ಶುರು ಮಾಡಿದರೆ ಸವೆದ ಪದಗಳು ತಾವಾಗಿ ಬಂದು ಕೂರುತ್ತವೆ.

ಟೆಸ್ಟಿಂಗ್ ಮಾಡುತ್ತಿದ್ದ ಹಳೆಯ ಸಹೋದ್ಯೋಗಿಯೊಬ್ಬರು ಟೆಸ್ಟ್ ಲೀಡ್ ಹುದ್ದೆಗೆ ಅರ್ಜಿ ಹಾಕಿದ್ದಾಗ ನಾನು ಬರೆದುಕೊಂಡದ್ದು ಹೀಗಿತ್ತು:

‘ಅಂಗಡಿಗಳ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವ ತಂಡದಲ್ಲಿ ಮೂರು ವರ್ಷ ಜೊತೆಗಿದ್ದೆವು, ನಾನು ಬರೆದ ಕೋಡನ್ನು ಟೆಸ್ಟ್ ಮಾಡುತ್ತಿದ್ದವರು ಇವರು. ರಿಯಾಯಿತಿ ಕೊಟ್ಟ ಬಿಲ್ಲಿನಲ್ಲಿ ಒಂದೇ ಸಾಮಾನು ವಾಪಸ್ ಬಂದರೆ ರಿಯಾಯಿತಿ ಕಳೆಯದೆ ಪೂರ್ತಿ ಬೆಲೆ ಮರಳಿಸುತ್ತಿದ್ದ ತಪ್ಪನ್ನು ಬಿಡುಗಡೆಯ ಹಿಂದಿನ ದಿನ ಹಿಡಿದರು. ನಾವೆಲ್ಲ ಇಡೀ ಬಿಲ್ ವಾಪಸಾಗುವುದನ್ನಷ್ಟೇ ನೋಡಿದ್ದೆವು. ಪ್ರತಿ ಶುಕ್ರವಾರ ಸಪೋರ್ಟ್‌ನವರ ಜೊತೆ ಕೂತು ಗ್ರಾಹಕರ ದೂರುಗಳನ್ನು ಓದುವ ರೂಢಿ ಅವರಿಗಿದ್ದುದರಿಂದ ಅದು ಹೊಳೆಯಿತು. ಯಾರ ತಪ್ಪು ಎಂದು ಕೇಳದೆ ಮೂರು ಮಾದರಿ ಬಿಲ್ ಕೈಗಿಟ್ಟರು, ಸಂಜೆಯೊಳಗೆ ಸರಿಪಡಿಸಿದೆ. ಆಮೇಲೆ ಹೊಸಬರಿಬ್ಬರನ್ನೂ ಆ ಶುಕ್ರವಾರದ ಕೂಟಕ್ಕೆ ಕೂರಿಸಿಕೊಂಡು ಕಲಿಸಿದರು.’

ಇದರಲ್ಲಿ ‘ಸೂಕ್ಷ್ಮಮತಿ’ ಎಂಬ ಪದವೇ ಇಲ್ಲ. ಹೊಸಬರಿಗೆ ಕಲಿಸಿದ ಕೊನೆಯ ವಾಕ್ಯ ಬಂದದ್ದು ಅವರು ಹೊರಟಿದ್ದು ಲೀಡ್ ಹುದ್ದೆಗೆ ಎಂಬ ಕಾರಣಕ್ಕೆ. ಸಾದಾ ಟೆಸ್ಟರ್ ಕೆಲಸಕ್ಕಾಗಿದ್ದರೆ ಆ ಜಾಗದಲ್ಲಿ ಆ ಮೂರು ಬಿಲ್‌ಗಳ ವಿವರವನ್ನೇ ಇನ್ನಷ್ಟು ಬರೆಯುತ್ತಿದ್ದೆ.

ಮೊದಲ ಕರಡಿನಲ್ಲಿ ‘ದೋಷಗಳು ಶೇ 40ರಷ್ಟು ಇಳಿದವು’ ಎಂದೂ ಸೇರಿಸಿದ್ದೆ. ಯಾರೂ ಲೆಕ್ಕ ಇಟ್ಟಿರಲಿಲ್ಲ, ತೆಗೆದುಹಾಕಿದೆ. ಸಂದರ್ಶನದಲ್ಲಿ ‘ಈ 40 ಎಲ್ಲಿಂದ ಬಂತು?’ ಎಂದು ಕೇಳಿದರೆ ಪೇಚಿಗೆ ಸಿಲುಕುವವರು ಅವರು, ನಾನಲ್ಲ. ಗ್ರಾಹಕ ಕಂಪನಿಯ ಹೆಸರನ್ನೂ ಬಿಟ್ಟೆ. ಆ ತಪ್ಪು ಅಂಗಡಿಗಳಿಗೆ ತಲುಪುವ ಮೊದಲೇ ಸಿಕ್ಕಿದ್ದರಿಂದ ಹೇಳಬಹುದಾಯಿತು. ತಲುಪಿದ್ದರೆ ಹಳೆಯ ಕಂಪನಿಯ ಗುಟ್ಟನ್ನು ಬಯಲಲ್ಲಿ ಹರಡಿದಂತಾಗುತ್ತಿತ್ತು, ಬೇರೆ ಘಟನೆ ಹುಡುಕಬೇಕಿತ್ತು.

ಇನ್ನೊಂದು ಚಾಳಿ. ಹೆಣ್ಣುಮಕ್ಕಳ ಬಗ್ಗೆ ಬರೆಯುವಾಗ ‘ಸದಾ ನಗುಮುಖ, ಮೃದುಭಾಷಿ’ ಎಂದೂ ಗಂಡಸರ ಬಗ್ಗೆ ‘ನಿರ್ಧಾರ ತೆಗೆದುಕೊಳ್ಳುವವರು’ ಎಂದೂ ಕೈ ತಾನೇ ಬರೆದುಬಿಡುತ್ತದೆ. ನಗುಮುಖ ನೋಡಿ ಯಾರೂ ಟೆಸ್ಟ್ ಲೀಡ್ ಕೆಲಸ ಕೊಡುವುದಿಲ್ಲ. ‘ಅನುಭವ ಕಡಿಮೆ ಇದ್ದರೂ’ ಎಂಬಂಥ ಒಗ್ಗರಣೆಯೂ ಬೇಡ.

ಹಾಕುವ ಕೆಲಸ ಸುಲಭ. ಅವರು ನಿಮ್ಮ ನೇರ ಸಂಪರ್ಕದಲ್ಲಿರಬೇಕು. ಅವರ ಪ್ರೊಫೈಲ್‌ನಲ್ಲಿ More ಒತ್ತಿ, Recommend ಆರಿಸಿ. ನಿಮ್ಮಿಬ್ಬರ ಸಂಬಂಧವನ್ನೂ ಆಗಿನ ಹುದ್ದೆಯನ್ನೂ ಕೇಳುತ್ತದೆ. ಈಗಿನ ಹುದ್ದೆ ಆರಿಸಿಬಿಟ್ಟರೆ ನೀವು ಜೊತೆಗಿದ್ದ ಕಂಪನಿಗೂ ಬರಹಕ್ಕೂ ತಾಳೆಯಾಗುವುದಿಲ್ಲ. 3,000 ಅಕ್ಷರಗಳವರೆಗೆ ಜಾಗವಿದೆ, ತುಂಬಿಸಬೇಕಿಲ್ಲ. ಉದ್ದ ಬರಹದ ಮೊದಲ ಕೆಲವು ಸಾಲು ಮಾತ್ರ ಕಾಣಿಸಿ ಉಳಿದದ್ದು ಮಡಚಿಕೊಳ್ಳುತ್ತದೆ. ಹಾಗಾಗಿ ‘ಇವರನ್ನು ಶಿಫಾರಸು ಮಾಡಲು ನನಗೆ ಸಂತೋಷ’ ಎಂದು ಶುರು ಮಾಡಬೇಡಿ. ನೀವು ಯಾರು, ಅವರ ಕೆಲಸವನ್ನು ಎಲ್ಲಿಂದ ನೋಡಿದಿರಿ ಎಂಬುದು ಅಲ್ಲೇ ಬರಲಿ.

ಕಳಿಸಿದ ತಕ್ಷಣ ಅದು ಪ್ರಕಟವಾಗುವುದಿಲ್ಲ. ಅವರು ಓದಿ, ಒಪ್ಪಿದರೆ ಪ್ರೊಫೈಲ್‌ಗೆ ಸೇರಿಸುತ್ತಾರೆ, ಇಲ್ಲವೇ ತಿದ್ದುಪಡಿ ಕೇಳುತ್ತಾರೆ. ನನ್ನ ಬರಹವೂ ಒಮ್ಮೆ ಹಿಂದಕ್ಕೆ ಬಂತು: ಹೊಸಬರು ಇಬ್ಬರಲ್ಲ, ಮೂವರಂತೆ.